ಆರನೇ ಲೋಟ: ಚಹಾ ಅಂಗಡಿಯ ಕತೆಗೊಂದು ಒಂದೂವರೆ ನಿಮಿಷದ ಸ್ಕ್ರಿಪ್ಟ್

*ಮೇಡಂ, ನಮ್ಮ ಅಪ್ಪ 1998ರಾಗ ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡ್ ಹತ್ರ ತಳ್ಳುಗಾಡಿ ಮ್ಯಾಲೆ ಚಹಾ ಮಾರಾಕ ಶುರು ಮಾಡಿದ್ರು. ಈಗ ಐದು ಅಂಗಡಿ ಅದಾವ, ಆರನೇದು ಧಾರವಾಡದಾಗ ತೆಗೀತೇವಿ. ಅದಕ್ಕಂತ ಒಂದೂವರೆ ನಿಮಿಷದ ವಿಡಿಯೊ ಮಾಡಬೇಕು. ನಾನೇ ಸ್ಕ್ರಿಪ್ಟ್ ಬರದೀನಿ, ನಾಲ್ಕು ಪುಟ ಆಗೇತಿ, ಜೊತೀಗೆ ಕಳಿಸೀನಿ. ಓದಿದವರು ಛಲೋ ಐತಿ ಅಂತಾರ, ಆದ್ರ ನನಗ ಯಾಕೋ ಮನಸ್ಸಿಗೆ ತಾಗವಲ್ದು. ಎರಡನೇ ಅಂಗಡಿ ಒಂದು ವರ್ಷ ನಷ್ಟದಾಗ ನಡೀತು. ಅದನ್ನ ಹೇಳಬೇಕೋ ಬಿಡಬೇಕೋ?*

ಆ ವರ್ಷವನ್ನು ಖಂಡಿತ ಹೇಳಿ. ನಿಮ್ಮ ನಾಲ್ಕೂ ಪುಟಗಳಲ್ಲಿ ಬೇರೆ ಯಾವ ಚಹಾ ಅಂಗಡಿಯವರೂ ಹೇಳಲಾಗದ ಮಾತು ಇರುವುದು ಅಲ್ಲೊಂದೇ ಕಡೆ. ಉಳಿದದ್ದನ್ನು, ಅಂದರೆ ಬಡತನ, ಬೆಳಗಿನ ನಾಲ್ಕಕ್ಕೆ ಏಳುವುದು, ಮಳೆಗೆ ನೆನೆದ ಗಾಡಿ, ಗಿರಾಕಿಗಳ ಪ್ರೀತಿ, ಐದು ಬೋರ್ಡುಗಳ ಸಾಲು, ಇವನ್ನೆಲ್ಲ ಅಂಗಡಿಯ ಹೆಸರು ಬದಲಿಸಿ ಇನ್ನೊಬ್ಬರ ವಿಡಿಯೊಗೆ ಹಾಕಿದರೂ ನಡೆಯುತ್ತದೆ. ನಿಮಗೆ ತಾಗದೆ ಇರುವುದಕ್ಕೆ ಕಾರಣ ಇದೇ. ಅದೆಲ್ಲ ನಿಮ್ಮ ಅಪ್ಪನ ಬದುಕಿನಲ್ಲಿ ನಡೆದದ್ದೇ, ಅನುಮಾನವಿಲ್ಲ. ಆದರೆ ಪುಟದ ಮೇಲೆ ಅವರ ಕೈ ಕಾಣುವುದಿಲ್ಲ.

ಕೈ ಕಾಣುವುದು ಮೂರನೇ ಪುಟದಲ್ಲಿ, ಅದೂ ಒಂದೇ ವಾಕ್ಯದಲ್ಲಿ. ‘ಕಡೆಗೆ ಅಪ್ಪ ಮನೆಯ ಸ್ಟೀಲ್ ಲೋಟ ಒಂದನ್ನು ತಮ್ಮ ಮುಷ್ಟಿಯ ಅಳತೆಗೆ ಕತ್ತರಿಸಿಕೊಂಡು ಬಂದು ಪುಡಿ ಹಾಕಲು ಕೊಟ್ಟರು, ಆಮೇಲೆ ವ್ಯಾಪಾರ ಸುಧಾರಿಸಿತು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅದನ್ನು ಓದಿ ನಾನು ಪುಟ ಕೆಳಗಿಟ್ಟೆ. ನಿಮ್ಮ ವಿಡಿಯೊ ಎಂದರೆ ಆ ಲೋಟ.

ಯಾಕೆ ಎಂದು ಹೇಳುತ್ತೇನೆ. ಒಂದು ಗಾಡಿ ಇದ್ದಾಗ ಚಹಾ ಎಂದರೆ ಅಪ್ಪ, ಅಪ್ಪ ಎಂದರೆ ಚಹಾ. ಎರಡನೇ ಅಂಗಡಿಯ ಬಾಗಿಲು ತೆಗೆದ ದಿನ ಅವರಿಬ್ಬರೂ ಬೇರೆಯಾದರು. ಅಂಗಡಿ ಒಂದರಿಂದ ಹತ್ತಾದ ಯಾರನ್ನೇ ಕೇಳಿ, ಕಷ್ಟದ ಹೆಜ್ಜೆ ಎರಡನೆಯದು. ಐದನೆಯದೂ ಅಲ್ಲ, ಆರನೆಯದೂ ಅಲ್ಲ. ಯಜಮಾನನ ಕೈ ಇಲ್ಲದ ಕಡೆ ಯಜಮಾನನ ರುಚಿ ಹೇಗೆ ಬರಬೇಕು ಎಂಬ ಪ್ರಶ್ನೆ ಮೊದಲ ಸಲ ಎದುರಾಗುವುದು ಅಲ್ಲಿ. ಧಾರವಾಡದಲ್ಲಿ ನಿಮ್ಮ ಹೊಸ ಅಂಗಡಿಗೆ ಬರುವ ಗಿರಾಕಿಯ ಮನಸ್ಸಿನಲ್ಲೂ ಇದೇ ಪ್ರಶ್ನೆ ಇರುತ್ತದೆ: ‘ಹುಬ್ಬಳ್ಳಿಯೊಳಗ ಛಲೋ ಇರ್ತದ, ಇಲ್ಲಿ ಹೆಂಗೋ?’ ವಿಡಿಯೊ ಉತ್ತರ ಕೊಡಬೇಕಾದದ್ದು ಆ ಒಂದು ಪ್ರಶ್ನೆಗೆ. ಲೋಟ ಆ ಉತ್ತರವನ್ನು ಮಾತಿಲ್ಲದೆ ಕೊಡುತ್ತದೆ.

ಆದರೆ ಬರೆಯುವ ಮೊದಲು ಒಂದು ಕೆಲಸ ಇದೆ. ನಿಮ್ಮ ಪ್ರತಿಯಲ್ಲಿ ಎರಡನೇ ಅಂಗಡಿಯ ಚಹಾ ಕೆಟ್ಟದ್ದಕ್ಕೆ ‘ಅಲ್ಲಿದ್ದ ಹುಡುಗನಿಗೆ ಕೈ ಕೂಡಲಿಲ್ಲ’ ಎಂದು ಬರೆದಿದ್ದೀರಿ. ಅದು ನಿಜವೇ ಎಂದು ನೋಡಿ. ನೀವೇ ಬರೆದ ಪ್ರಕಾರ ಗಾಡಿಯ ಮೇಲಿದ್ದದ್ದು ಎರಡು ಲೀಟರಿನ ಪಾತ್ರೆ, ಹೊಸ ಅಂಗಡಿಗೆ ತಂದದ್ದು ಎಂಟು ಲೀಟರಿನದು. ಎರಡು ಲೀಟರಿಗೆ ಒಂದು ಮುಷ್ಟಿ ಪುಡಿ, ಹಾಗಾಗಿ ಎಂಟಕ್ಕೆ ನಾಲ್ಕು ಮುಷ್ಟಿ ಎಂದು ಹುಡುಗ ಹಾಕಿದ. ಲೆಕ್ಕ ಸರಿ ಇದೆ. ಆದರೆ ಹದಿನೆಂಟರ ಹುಡುಗನ ಮುಷ್ಟಿ ನಿಮ್ಮ ಅಪ್ಪನ ಮುಷ್ಟಿಗಿಂತ ಚಿಕ್ಕದಿದ್ದರೆ, ನಾಲ್ಕು ಸಲ ಹಾಕುವಾಗ ಆ ಕೊರತೆಯೂ ನಾಲ್ಕು ಸಲ ಸೇರುತ್ತದೆ.

ಪಾತ್ರೆಯ ವಿಷಯ ಇನ್ನೊಂದು. ಕುದಿಯುವಾಗ ಆವಿಯಾಗಿ ಹೋಗುವ ನೀರು ಉರಿಯ ಮೇಲೆ ನಿಂತಿದೆ, ಪಾತ್ರೆಯಲ್ಲಿ ಎಷ್ಟಿದೆ ಎಂಬುದರ ಮೇಲಲ್ಲ. ಅದೇ ಉರಿಯಲ್ಲಿ ಅಷ್ಟೇ ಹೊತ್ತು ಕುದಿಸಿದರೆ ಎರಡು ಲೀಟರಿನಲ್ಲಿ ಕಾಲು ಲೀಟರ್ ಹೋದಾಗ ಚಹಾ ಗಟ್ಟಿಯಾಗುತ್ತದೆ. ಎಂಟು ಲೀಟರಿನಲ್ಲೂ ಅದೇ ಕಾಲು ಲೀಟರ್ ಹೋದರೆ ವ್ಯತ್ಯಾಸವೇ ತಿಳಿಯುವುದಿಲ್ಲ, ಚಹಾ ನೀರು ನೀರಾಗಿಯೇ ಉಳಿಯುತ್ತದೆ. ಹಾಲಿನ ಪ್ಯಾಕೆಟ್ ಬದಲಾಗಿದ್ದರೂ ಹೀಗೇ ಆಗುತ್ತದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5. ಒಂದರಿಂದ ಇನ್ನೊಂದಕ್ಕೆ ಬಂದವರ ನಾಲಿಗೆಗೆ ಅದು ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ.

ನೀರನ್ನೂ ಮರೆಯಬೇಡಿ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯ್ದ ಊರು ನಿಮ್ಮದು, ಹಾಗಾಗಿ ಹೊಸ ಅಂಗಡಿಯಲ್ಲಿ ಬೋರ್‌ವೆಲ್ ನೀರು ಬಳಸಿರಬಹುದು. ಗಡಸು ನೀರಿನಲ್ಲಿ ಚಹಾದ ಬಣ್ಣ ಮಂಕಾಗುತ್ತದೆ, ಒಗರು ಬೇರೆಯಾಗುತ್ತದೆ. ಪರೀಕ್ಷೆ ಸುಲಭ. ಎರಡೂ ನೀರಿನಲ್ಲಿ ಹಾಲಿಲ್ಲದ ಚಹಾ ಮಾಡಿ, ಎರಡು ಗಾಜಿನ ಗ್ಲಾಸಿಗೆ ಸೋಸಿ, ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿಯಿರಿ. ಗಡಸು ನೀರಿನದು ಕೆಂಪು ಬಿಟ್ಟು ಕಂದಾಗಿರುತ್ತದೆ, ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿರುತ್ತದೆ.

ಇಷ್ಟೆಲ್ಲ ವಿಡಿಯೊದಲ್ಲಿ ಬರುವುದಿಲ್ಲ, ಬರಲೂ ಬಾರದು. ಆದರೆ ಯಾವ ಕಾರಣ ನಿಜವಾಗಿ ದೊಡ್ಡದು ಎಂಬುದನ್ನು ಅಪ್ಪನ ಜೊತೆ ಕುಳಿತು ನೀವು ತಿಳಿದುಕೊಂಡಿರಬೇಕು. ಲೋಟ ಬಂದ ವಾರವೇ ಪಾತ್ರೆಯನ್ನೂ ಚಿಕ್ಕದು ಮಾಡಿದ್ದರೆ, ಅಥವಾ ಕ್ಯಾನ್ ನೀರು ತರಿಸಲು ಶುರು ಮಾಡಿದ್ದರೆ, ‘ಲೋಟದಿಂದ ಸರಿಹೋಯ್ತು’ ಎನ್ನುವುದು ಅರ್ಧ ಮಾತಾಗುತ್ತದೆ. ಆಗ ‘ಲೋಟದಿಂದ ಶುರುವಾಯ್ತು’ ಎನ್ನಿ. ಅಂಗಡಿಯ ಹಳೇ ಕೆಲಸಗಾರರು ಈ ವಿಡಿಯೊ ನೋಡುತ್ತಾರೆ, ಅವರಿಗೆ ಎಲ್ಲ ನೆನಪಿರುತ್ತದೆ. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ನೀವು ಬರೆದಿಲ್ಲ. ನಿಮ್ಮಲ್ಲೇ ಇದ್ದರೆ ಅವನನ್ನೂ ಕೇಳಿ. ತಪ್ಪು ಅವನ ಮೇಲೆ ಬರುವ ಸಾಲನ್ನು ಹೇಗಿದ್ದರೂ ತೆಗೆಯಿರಿ. ಅಳತೆ ಯಜಮಾನನ ಮುಷ್ಟಿಯಲ್ಲಿದ್ದಾಗ ಹುಡುಗ ಅದನ್ನು ಎಲ್ಲಿಂದ ತರಬೇಕಿತ್ತು?

ಅಪ್ಪನನ್ನು ಮಾತಾಡಿಸುವ ಬಗೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲರ್‌ಗೆ ಮೈಕ್ ಸಿಕ್ಕಿಸಿ ‘ನಿಮ್ಮ ಯಶಸ್ಸಿನ ಗುಟ್ಟೇನು’ ಎಂದು ಕೇಳಬೇಡಿ. ಒಂದು ಖಾನಾವಳಿಯ ವಿಡಿಯೊ ಮಾಡುವಾಗ ಯಜಮಾನರು ಎರಡು ತಾಸು ಹೀಗೆ ಕುಳಿತು, ಶಾಲೆಯ ಭಾಷಣದ ಹಾಗೆ ‘ಪರಿಶ್ರಮವೇ ಪರಮಾತ್ಮ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಊಟದ ಹೊತ್ತಾಯಿತು ಎಂದು ಒಳಗೆ ಎದ್ದು ಹೋದರು. ರೊಟ್ಟಿ ಬಡಿಯುತ್ತಿದ್ದವರ ಪಕ್ಕ ನಿಂತು, ಹಿಟ್ಟು ನಾದುತ್ತ, ಮೊದಲ ದಿನ ಉಳಿದ ಹದಿನಾಲ್ಕು ರೊಟ್ಟಿಯನ್ನು ಮನೆಗೆ ಒಯ್ಯಲು ನಾಚಿಕೆಯಾಗಿ ಯಾರಿಗೆ ಕೊಟ್ಟರು ಎಂದು ಹೇಳಿದರು. ಆ ಒಂದೇ ಮಾತು ವಿಡಿಯೊದಲ್ಲಿ ಉಳಿಯಿತು. ಕೈಗೆ ಕೆಲಸ ಇದ್ದರೆ ಬಾಯಿ ಬಿಚ್ಚುತ್ತದೆ. ನಿಮ್ಮ ಅಪ್ಪ ಚಹಾ ಮಾಡುತ್ತಿರುವಾಗಲೇ ಕೇಳಿ, ಅದೂ ಎಣಿಸಿ ಹೇಳಬಹುದಾದದ್ದನ್ನೇ ಕೇಳಿ. ಮೊದಲ ದಿನ ಗ್ಲಾಸು ಎಷ್ಟಿದ್ದವು? ಎರಡನೇ ಅಂಗಡಿಯಲ್ಲಿ ಸಂಜೆ ಎಷ್ಟು ಚಹಾ ಚೆಲ್ಲುತ್ತಿದ್ದಿರಿ? ಲೋಟ ಕತ್ತರಿಸಲು ಎಲ್ಲಿಗೆ ಹೋದಿರಿ, ಅವರು ಏನು ಕೇಳಿದರು? ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅವರ ಮಾತನ್ನು ಅವರ ಹುಬ್ಬಳ್ಳಿ ಕನ್ನಡದಲ್ಲೇ ಇಡಿ. ನಿಮ್ಮ ಪ್ರತಿಯಲ್ಲಿ ಅಪ್ಪ ‘ಗುಣಮಟ್ಟದಲ್ಲಿ ನಾವು ಎಂದಿಗೂ ರಾಜಿ ಮಾಡಿಕೊಂಡಿಲ್ಲ’ ಎನ್ನುತ್ತಾರೆ. ಗಾಡಿ ಮುಂದೆ ನಿಂತು ಅವರು ಒಂದು ದಿನವೂ ಹೀಗೆ ಮಾತಾಡಿರಲಿಕ್ಕಿಲ್ಲ.

ಇನ್ನು ಉದ್ದ. ಕನ್ನಡದ ಪದಗಳು ಉದ್ದ, ಒಂದೊಂದರಲ್ಲೂ ಪ್ರತ್ಯಯ ತುಂಬಿರುತ್ತದೆ. ಉಸಿರು ತೆಗೆದುಕೊಂಡು ಸಹಜವಾಗಿ ಓದಿದರೆ ನಿಮಿಷಕ್ಕೆ ನೂರರ ಆಸುಪಾಸು ಪದ ಸಾಗುತ್ತದೆ, ವಯಸ್ಸಾದವರ ದನಿಯಲ್ಲಿ ಇನ್ನೂ ಕಡಿಮೆ. 90 ಸೆಕೆಂಡಿನಲ್ಲಿ ಕುದಿಯುವ ಸದ್ದಿಗೆ, ಲೋಹ ಕತ್ತರಿಸುವ ಸದ್ದಿಗೆ ಜಾಗ ಬಿಟ್ಟರೆ ಮಾತಿಗೆ ಉಳಿಯುವುದು ಎಪ್ಪತ್ತು ಎಂಬತ್ತು ಪದ. ನಿಮ್ಮ ನಾಲ್ಕು ಪುಟ ಓದಲು ನನಗೆ ಆರು ನಿಮಿಷ ಹಿಡಿಯಿತು. ಹಾಗಾಗಿ ವಾಕ್ಯಗಳನ್ನು ಚಿಕ್ಕದು ಮಾಡಿ ಪ್ರಯೋಜನವಿಲ್ಲ, ಘಟನೆಗಳನ್ನೇ ಬಿಡಬೇಕು. ಮೂರನೇ, ನಾಲ್ಕನೇ, ಐದನೇ ಅಂಗಡಿಗಳ ಉದ್ಘಾಟನೆ ಬಿಡಿ. ಸಾಲ ಕೊಟ್ಟವರು, ರಿಬ್ಬನ್ ಕತ್ತರಿಸಿದವರು, ಬಂದ ಪ್ರಶಸ್ತಿ, ಇವರಿಗೆಲ್ಲ ಧನ್ಯವಾದವನ್ನು ಉದ್ಘಾಟನೆಯ ದಿನ ಮೈಕಿನಲ್ಲಿ ಹೇಳಿ.

ನಿಮ್ಮ ಪುಟಗಳಲ್ಲಿದ್ದ ಸಂಗತಿಗಳಿಂದಲೇ ಕಟ್ಟಿದ ಒಂದು ರೂಪ ಕೆಳಗಿದೆ. ಅಪ್ಪನ ಬಾಯಿಂದ ಬೇರೆ ಮಾತು ಬಂದರೆ ನನ್ನದನ್ನು ತೆಗೆದು ಅದನ್ನೇ ಹಾಕಿ.

ದೃಶ್ಯ 1, 12 ಸೆಕೆಂಡು. ಕುದಿಯುವ ಪಾತ್ರೆಯ ಮೇಲೆ ಅಪ್ಪನ ಮುಚ್ಚಿದ ಮುಷ್ಟಿ, ಸುತ್ತ ಹಬೆ. ಮುಖ ಕಾಣುವುದಿಲ್ಲ. ಮುಷ್ಟಿ ಬಿಚ್ಚುತ್ತದೆ, ಪುಡಿ ಬೀಳುತ್ತದೆ, ಹಾಲಿನ ಬಿಳಿ ಸೀಳಿ ಕೆಂಪು ಹರಡುತ್ತದೆ. ಮೊದಲ ಮೂರು ಸೆಕೆಂಡು ಕುದಿಯುವ ಸದ್ದು ಮಾತ್ರ.
ಅಪ್ಪನ ದನಿ: ‘ಒಂದ್ ಮುಷ್ಟಿ. ನನ್ನ ಅಳತಿ ಅಂದ್ರ ಇಷ್ಟ. ಗಾಡಿ ಇಟ್ಟ ದಿನದಿಂದ ಬ್ಯಾರೆ ಅಳತಿ ಗೊತ್ತಿದ್ದಿಲ್ಲ.’

ದೃಶ್ಯ 2, 15 ಸೆಕೆಂಡು. ಬೆಳಗಿನ ಜಾವ, ಗಾಡಿ ನಿಲ್ಲುತ್ತಿದ್ದ ಜಾಗ. ಹಲಗೆಯ ಮೇಲೆ ಗಾಜಿನ ಗ್ಲಾಸು ಒಂದೊಂದಾಗಿ ಇಡುವ ಕೈ. ಸದ್ದು ಎಣಿಸುವ ಹಾಗೆ ಕೇಳಬೇಕು.
ಅಪ್ಪ: ‘ಹನ್ನೊಂದು ಗ್ಲಾಸ್ ಇದ್ದವು. ಹನ್ನೆರಡನೇ ಗಿರಾಕಿ ಬಂದ್ರ ನಿಂದರ್ಬೇಕಿತ್ತು. ನಿಂತ್ರು. ಹಂಗ ನಿಂತವ್ರ ಇನ್ನೊಂದು ಅಂಗಡಿ ತಗೀರಿ ಅಂದ್ರು.’

ದೃಶ್ಯ 3, 20 ಸೆಕೆಂಡು. ಎರಡನೇ ಅಂಗಡಿ. ದೊಡ್ಡ ಪಾತ್ರೆ ತುಂಬ ಚಹಾ, ಖಾಲಿ ಬೆಂಚು. ಮೇಜಿನ ಮೇಲೆ ಮುಕ್ಕಾಲು ಉಳಿದ ಗ್ಲಾಸು, ಅದರ ಮೇಲೆ ಕಟ್ಟುತ್ತಿರುವ ಕೆನೆ.
ಅಪ್ಪ: ‘ತಗದೆ. ಅದ ಪುಡಿ, ಅದ ಹಾಲು. ಮಂದಿ ಒಂದ್ ಗುಟುಕು ಕುಡದು ಇಟ್ಟು ಹೋದ್ರು. ಒಬ್ರು ಹೇಳಿದ್ರು, ಅಲ್ಲೀ ಚಾ ಅಲ್ಲೇ ಉಳೀತ್ರಿ. ಒಂದ್ ವರ್ಷ ಗಂಟು ಕರಗ್ತು. ಹುಡುಗುರದ್ದು ತಪ್ಪಿದ್ದಿಲ್ಲ. ನನ್ನ ಮುಷ್ಟಿ ಅಲ್ಲಿದ್ದಿಲ್ಲ.’

ದೃಶ್ಯ 4, 23 ಸೆಕೆಂಡು. ಮನೆಯ ಸ್ಟೀಲ್ ಲೋಟ. ಮುಷ್ಟಿ ಅದರೊಳಗೆ ಬಿಚ್ಚುತ್ತದೆ. ಪುಡಿಯ ಮಟ್ಟಕ್ಕೆ ಮೊಳೆಯಿಂದ ಗೀರು. ತಗಡಿನ ಕತ್ತರಿ, ಬೀಳುವ ಸ್ಟೀಲಿನ ಉಂಗುರ, ಅಂಚಿಗೆ ಅರ ತಿಕ್ಕುವುದು.
ಅಪ್ಪ, ಕತ್ತರಿಸುವ ಮೊದಲು: ‘ಒಂದಿನ ಮನಿಯಾಗಿನ ಸ್ಟೀಲ್ ಲೋಟದಾಗ ಮುಷ್ಟಿ ಬಿಚ್ಚಿದೆ. ಪುಡಿ ಎಲ್ಲೀತನಕ ಬಂತೋ ಅಲ್ಲಿಗೆ ಕತ್ತರಿಸ್ಕೊಂಡು ಬಂದೆ.’ ಆಮೇಲೆ ಮಾತಿಲ್ಲ, ಅರದ ಸದ್ದು ಮಾತ್ರ.

ದೃಶ್ಯ 5, 12 ಸೆಕೆಂಡು. ಐದು ಅಂಗಡಿ, ಐದು ಕೈ. ಪ್ರತಿಯೊಂದೂ ತನ್ನ ಮೊಟಕು ಲೋಟವನ್ನು ಪುಡಿ ಡಬ್ಬಿಗೆ ಇಳಿಸಿ, ಬೆರಳಿನಿಂದ ಮಟ್ಟ ಮಾಡಿ, ಪಾತ್ರೆಗೆ ಸುರಿಯುತ್ತದೆ. ಮಾತಿಲ್ಲ.

ದೃಶ್ಯ 6, 8 ಸೆಕೆಂಡು. ಧಾರವಾಡದ ಅಂಗಡಿ, ಇನ್ನೂ ಬೋರ್ಡು ಏರಿಲ್ಲ. ಹೊರಗೆ ಚಿಗರಿ ಬಸ್ಸು ಹಾದುಹೋಗುತ್ತದೆ. ಅಪ್ಪ ಹೊಸದಾಗಿ ಕತ್ತರಿಸಿದ ಲೋಟವನ್ನು ಖಾಲಿ ಕಟ್ಟೆಯ ಮೇಲೆ ಇಡುತ್ತಾರೆ. ಇಲ್ಲಿ ಮೊದಲ ಸಲ ಅವರ ಮುಖ ಕಾಣುತ್ತದೆ.
ಅಪ್ಪ: ‘ಇದು ಆರನೇ ಲೋಟ. ಧಾರವಾಡದ್ದು.’ ಅಂಗಡಿಯ ಹೆಸರು, ವಿಳಾಸ, ತೆರೆಯುವ ದಿನ.

ಮಾತು ಎಪ್ಪತ್ತು ಪದದೊಳಗೇ ಇದೆ. ನಷ್ಟದ ವರ್ಷ ಎಷ್ಟು ರೂಪಾಯಿಯದು ಎಂದು ನಾನು ಎಲ್ಲೂ ಹೇಳಿಲ್ಲ, ಗಮನಿಸಿ. ಕುಡಿಯದೆ ಬಿಟ್ಟ ಗ್ಲಾಸಿನ ಮೇಲೆ ಕೆನೆ ಕಟ್ಟುವುದನ್ನು ಕಂಡವರಿಗೆ ರೂಪಾಯಿ ಬೇಕಾಗುವುದಿಲ್ಲ. ಆ ಕೆನೆಯ ದೃಶ್ಯಕ್ಕೆ ತಾಳ್ಮೆ ಬೇಕು. ಬಿಸಿ ಚಹಾವನ್ನು ಗಾಳಿಯಾಡುವ ಕಡೆ ಇಟ್ಟು ಕ್ಯಾಮೆರಾ ಅಲುಗಿಸದೆ ನಾಲ್ಕೈದು ನಿಮಿಷ ಬಿಡಿ, ಬೇಕಾದ ನಾಲ್ಕು ಸೆಕೆಂಡು ಅದರಲ್ಲಿ ಸಿಗುತ್ತದೆ. ಅಂಗಡಿಯ ಟಿವಿಯಲ್ಲಿ ಈ ವಿಡಿಯೊ ಓಡುವಾಗ ಸದ್ದು ಕೇಳಿಸುವುದಿಲ್ಲ ಎಂಬುದೂ ನೆನಪಿರಲಿ. ಅದಕ್ಕೇ ಮುಷ್ಟಿ, ಬಿಟ್ಟ ಗ್ಲಾಸು, ಕತ್ತರಿ, ಐದು ಕೈ, ಹೀಗೆ ಮಾತು ಮುಚ್ಚಿದರೂ ಅರ್ಥವಾಗುವ ಸಾಲು ಕಟ್ಟಿದ್ದೇನೆ. ಎಡಿಟ್ ಮುಗಿದ ಮೇಲೆ ಸದ್ದು ತೆಗೆದು ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ‘ಏನ್ ಕಂಡ್ರಿ’ ಎಂದು ಕೇಳಿ. ಲೋಟ ಯಾಕೆ ಕತ್ತರಿಸಿದರು ಎಂದು ಅವರು ಹೇಳಲಾರದೆ ಹೋದರೆ, ನಾಲ್ಕನೇ ದೃಶ್ಯದಲ್ಲಿ ಮುಷ್ಟಿಯಿಂದ ಲೋಟಕ್ಕೆ ಪುಡಿ ಬೀಳುವುದು ಸರಿಯಾಗಿ ಕಾಣುತ್ತಿಲ್ಲ ಎಂದೇ ಅರ್ಥ. ಅದನ್ನು ಹತ್ತಿರದಿಂದ ಮತ್ತೆ ತೆಗೆಯಿರಿ.

ಐದನೇ ದೃಶ್ಯಕ್ಕೆ ಒಂದು ಷರತ್ತು ಇದೆ. ಐದೂ ಅಂಗಡಿಯಲ್ಲಿ ಇವತ್ತಿಗೂ ಲೋಟದಿಂದಲೇ ಅಳೆಯುತ್ತಿದ್ದರೆ ಮಾತ್ರ ಅದನ್ನು ಹಾಗೆ ತೋರಿಸಿ. ಲೋಟ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಡಸ್ಟ್ ಪುಡಿ ನುಣ್ಣಗೆ ಒತ್ತಾಗಿ ಕೂರುತ್ತದೆ, ದಪ್ಪ ಕಾಳಿನ ಸಿಟಿಸಿ ನಡುವೆ ಗಾಳಿ ಬಿಟ್ಟುಕೊಂಡು ಕೂರುತ್ತದೆ. ಹಾಗಾಗಿ ಪುಡಿ ಬದಲಾದರೆ ಅದೇ ಲೋಟ ಬೇರೆ ತೂಕ ಕೊಡುತ್ತದೆ. ಐದು ಅಂಗಡಿ ನಡೆಸುವವರು ಇಷ್ಟು ಹೊತ್ತಿಗೆ ಗ್ರಾಂ ಲೆಕ್ಕದಲ್ಲಿ ಪೊಟ್ಟಣ ಕಟ್ಟಿ ಕಳಿಸುತ್ತಿರುವುದೇ ಹೆಚ್ಚು. ನೀವೂ ಹಾಗೆ ಮಾಡುತ್ತಿದ್ದರೆ ಮುಚ್ಚಿಡುವುದು ಬೇಡ. ಒಂದು ಕಡೆ ತಕ್ಕಡಿಯ ಮೇಲೆ ಲೋಟ, ಪಕ್ಕದಲ್ಲಿ ಕಟ್ಟಿದ ಪೊಟ್ಟಣಗಳ ಸಾಲು, ಅಪ್ಪ ‘ಈಗ ತಕ್ಕಡಿ ಬಂದೈತಿ, ತಕ್ಕಡಿಗೆ ಹೇಳಿಕೊಟ್ಟದ್ದು ಈ ಲೋಟ’ ಎಂದರೆ ಸಾಕು. ಮುಷ್ಟಿಯಿಂದ ಲೋಟ, ಲೋಟದಿಂದ ತಕ್ಕಡಿ ಎಂದು ಕತೆ ಇನ್ನೂ ಬೆಳೆಯುತ್ತದೆ. ಇದನ್ನು ಬಿಟ್ಟು ಕ್ಯಾಮೆರಾಗೋಸ್ಕರ ಲೋಟ ಹಿಡಿಸಿದರೆ, ನಾಳೆ ಅಂಗಡಿಗೆ ಬಂದ ಗಿರಾಕಿ ‘ಆ ಲೋಟ ತೋರಿಸ್ರಿ’ ಎಂದಾಗ ಹುಡುಗರು ತಡಕಾಡುತ್ತಾರೆ.

ನಿಮ್ಮ ಕೊನೆಯ ಪುಟದ ಕೆಲವು ಪದಗಳನ್ನು ಕೈಬಿಡಿ. ‘ಉತ್ತರ ಕರ್ನಾಟಕದ ನಂಬರ್ 1 ಚಹಾ’ ಎಂದರೆ ಅದಕ್ಕೆ ಪುರಾವೆ ಬೇಕು. ‘ನೈಸರ್ಗಿಕ’, ‘ತಾಜಾ’, ‘ಸಾಂಪ್ರದಾಯಿಕ’, ‘ಅಸಲಿ’ ಇಂಥ ಪದಗಳನ್ನು ಆಹಾರದ ಜಾಹೀರಾತಿನಲ್ಲಿ ಯಾವಾಗ ಬಳಸಬಹುದು ಎಂಬುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿ ಷರತ್ತುಗಳಿವೆ. ಶುಂಠಿ ಚಹಾದಿಂದ ಕೆಮ್ಮು ಹೋಗುತ್ತದೆ ಎಂಬ ಸಾಲಂತೂ ಬೇಡವೇ ಬೇಡ. ಹಿನ್ನೆಲೆಗೆ ನೀವು ಸೂಚಿಸಿದ ಸಿನಿಮಾ ಹಾಡಿಗೆ ಹಕ್ಕುದಾರರ ಅನುಮತಿ ಇಲ್ಲದಿದ್ದರೆ ವಿಡಿಯೊವನ್ನೇ ತೆಗೆಸಿಹಾಕಬಹುದು. ಸಂಗೀತವೇ ಇಲ್ಲದೆ ಮಾಡಿ ನೋಡಿ. ಕುದಿಯುವುದು, ಗ್ಲಾಸು, ಕತ್ತರಿ, ಅರ, ಮತ್ತೆ ಕುದಿಯುವುದು, ಇಷ್ಟು ಸದ್ದಿನಲ್ಲೇ ಒಂದು ಲಯ ಇದೆ. ಅವನ್ನು ಚಿತ್ರೀಕರಣದ ಜೊತೆ ಹಿಡಿಯಲು ಹೋಗಬೇಡಿ. ಬೆಳಿಗ್ಗೆ ಐದಕ್ಕೆ, ರಸ್ತೆಯ ಗದ್ದಲ ಶುರುವಾಗುವ ಮೊದಲು, ಫೋನನ್ನು ಒಂದು ಗೇಣು ದೂರದಲ್ಲಿ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿ.

ಆರನೇ ಲೋಟವನ್ನು ಇನ್ನೂ ಕತ್ತರಿಸಿಲ್ಲ ಎಂದುಕೊಂಡಿದ್ದೇನೆ. ಹಾಗಿದ್ದರೆ ಚಿತ್ರೀಕರಣದ ದಿನದವರೆಗೆ ಕತ್ತರಿಸಬೇಡಿ. ಮೊದಲ ಲೋಟ ಕತ್ತರಿಸಿಕೊಟ್ಟವರೇ ಸಿಕ್ಕರೆ ಅವರ ಬಳಿಗೇ ಹೋಗಿ, ನಾಲ್ಕನೇ ದೃಶ್ಯವನ್ನು ಅಲ್ಲೇ ತೆಗೆಯಿರಿ. ಒಂದು ಲೋಟ ಒಂದೇ ಸಲ ಕತ್ತರಿಸಲು ಬರುವುದು, ಆದ್ದರಿಂದ ಅದೇ ಅಳತೆಯ ಇನ್ನೆರಡು ಲೋಟ ಜೊತೆಗೆ ಒಯ್ಯಿರಿ. ಎರಡು ಫೋನು ಇಡಿ, ಒಂದು ಕೈಯ ಮೇಲೆ, ಇನ್ನೊಂದು ಅಪ್ಪನ ಮುಖದ ಮೇಲೆ. ಮುಖದ ಮೇಲಿನದನ್ನು ಕತ್ತರಿಸಿ ಮುಗಿದ ತಕ್ಷಣ ಆಫ್ ಮಾಡಬೇಡಿ. ಅವರು ಲೋಟ ಕೈಗೆ ತೆಗೆದುಕೊಂಡು ಅಂಚಿಗೆ ಬೆರಳು ಆಡಿಸಿ ನೋಡುವವರೆಗೂ ಓಡಲಿ.